ಬಡ್ಡಿಯಲ್ಲಿ ಮುರಿದ 7,200 ರೂಪಾಯಿ ಎಲ್ಲಿ ಹೋಯಿತು?

2025ರ ಜೂನ್ ಕೊನೆಯ ವಾರ. ಗೋಣಿಚೀಲದ ವ್ಯಾಪಾರಿಯೊಬ್ಬರು ಬ್ಯಾಂಕ್ ಪಾಸ್‌ಬುಕ್ಕನ್ನೂ ಒಂದು ಹಾಳೆಯನ್ನೂ ನನ್ನ ಮೇಜಿನ ಮೇಲಿಟ್ಟು ಕೂತರು. ಕೊಪ್ಪಳ ಸೀಮೆಯಲ್ಲಿ ಮೂವತ್ತು ವರ್ಷದಿಂದ ಚೀಲ ಮಾರುವವರು. ಗಂಗಾವತಿ, ಕಾರಟಗಿ ಕಡೆಯ ಅಕ್ಕಿ ಗಿರಣಿಗಳೇ ಅವರ ಗಿರಾಕಿಗಳು.

"ಅಲ್ರೀ ಸರ್, ದುಡ್ಡು ನಂದು, ಬಡ್ಡಿ ನಂದು. ಎಪ್ಪತ್ತೆರಡು ಸಾವಿರ ಬರಬೇಕಿತ್ತು. ಗಿರಣಿಯವರು ಅರವತ್ನಾಲ್ಕು ಸಾವಿರದ ಎಂಟುನೂರು ಹಾಕ್ಯಾರ. ಉಳಿದದ್ದು ಯಾಕ ಮುರಕೊಂಡ್ರಿ ಅಂತ ಕೇಳಿದ್ರ ಈ ಕಾಗದ ಕಳಿಸ್ಯಾರ."

ಆ ಕಾಗದ ಫಾರಂ 16ಎ, ಅಂದರೆ ಮೂಲದಲ್ಲೇ ತೆರಿಗೆ ಮುರಿದುಕೊಂಡದ್ದಕ್ಕೆ ಗಿರಣಿ ಕೊಟ್ಟ ಪ್ರಮಾಣಪತ್ರ. ಅವರ ಪಾಲಿಗೆ ಅದು ಹಣ ಕೊಡದಿರಲು ಹೇಳಿದ ನೆಪ. ನಿಜದಲ್ಲಿ ಅದು 7,200 ರೂಪಾಯಿಯ ರಸೀದಿ. ಅವರ ಲೆಕ್ಕದ ಪುಸ್ತಕ ತೆರೆದು ನೋಡಿದಾಗ ಗಿರಣಿಯವರ ಕಡೆ ಯಾವ ತಪ್ಪೂ ಕಾಣಲಿಲ್ಲ. ತಪ್ಪಿದ್ದದ್ದು ಇವರ ಪುಸ್ತಕದಲ್ಲಿ. ಒಂದು ವ್ಯಾಪಾರ ಇನ್ನೊಂದು ವ್ಯಾಪಾರಕ್ಕೆ ಸಾಲ ಕೊಡುವುದು ನಮ್ಮ ಊರುಗಳಲ್ಲಿ ದಿನನಿತ್ಯದ ಮಾತು. ಆ ಸಾಲದ ಬಡ್ಡಿಯನ್ನು ಬರೆದುಕೊಳ್ಳುವಲ್ಲಿ ಬಹಳ ಜನ ಎಡವುವುದು ಇದೇ ಜಾಗದಲ್ಲಿ. ಹಾಗಾಗಿ ಅವರೊಬ್ಬರ ಲೆಕ್ಕವನ್ನೇ ಹಿಡಿದು ಬಿಡಿಸಿ ಹೇಳುತ್ತೇನೆ.

ಸಾಲ ಕೊಟ್ಟ ದಿನ

2024ರ ಅಕ್ಟೋಬರ್ 1ರಂದು, ಭತ್ತದ ಖರೀದಿ ಶುರುವಾಗುವ ಮುಂಚೆ, ಚೀಲದ ವ್ಯಾಪಾರಿ ಆ ಗಿರಣಿಗೆ 12 ಲಕ್ಷ ರೂಪಾಯಿ ಕೊಟ್ಟರು. ಕೊಟ್ಟದ್ದು ಬ್ಯಾಂಕಿನ ಮೂಲಕವೇ. 20,000 ರೂಪಾಯಿ ಅಥವಾ ಅದಕ್ಕೆ ಮೇಲ್ಪಟ್ಟ ಸಾಲವನ್ನು ನಗದಾಗಿ ಪಡೆಯುವಂತಿಲ್ಲ, ಪಡೆದರೆ ಪಡೆದವರಿಗೆ ಅಷ್ಟೇ ಮೊತ್ತದ ದಂಡ ಬೀಳಬಹುದು. ಬಡ್ಡಿ ತಿಂಗಳಿಗೆ ನೂರಕ್ಕೆ ಒಂದು, ಅಂದರೆ ವರ್ಷಕ್ಕೆ ಶೇಕಡ 12. ಆರು ತಿಂಗಳಿಗೊಮ್ಮೆ ಬಡ್ಡಿ ಕೊಡುವುದೆಂದು ಒಂದು ಪುಟದ ಕರಾರಿನಲ್ಲಿ ಬರೆದಿದ್ದರು.

ಆ ದಿನ ಪುಸ್ತಕದಲ್ಲಿ ಆದ ಬರವಣಿಗೆ ಸರಿಯಾಗಿಯೇ ಇತ್ತು. ಬ್ಯಾಂಕ್ ಖಾತೆಯಿಂದ 12 ಲಕ್ಷ ಹೋಯಿತು, "ಗಿರಣಿಗೆ ಕೊಟ್ಟ ಸಾಲ" ಎಂಬ ಖಾತೆಗೆ 12 ಲಕ್ಷ ಬಂತು. ಹಣ ಖರ್ಚಾಗಲಿಲ್ಲ, ಒಂದು ಆಸ್ತಿ ಇನ್ನೊಂದು ಆಸ್ತಿಯಾಯಿತು, ಅಷ್ಟೇ. ಆ ಗಿರಣಿಯೇ ಇವರಿಂದ ಚೀಲವನ್ನೂ ಉದ್ರಿ ಕೊಳ್ಳುತ್ತಿತ್ತು. ಆದರೂ ಸಾಲವನ್ನು ಚೀಲದ ಬಾಕಿಯ ಜೊತೆ ಕಲಸದೆ ಬೇರೆ ಖಾತೆಯಲ್ಲಿಟ್ಟದ್ದು ಒಳ್ಳೆಯದಾಯಿತು. ಒಂದೇ ಖಾತೆಯಲ್ಲಿ ಬರೆದಿದ್ದರೆ ಬಂದ ಹಣ ಚೀಲದ್ದೋ ಸಾಲದ್ದೋ ಬಡ್ಡಿಯದ್ದೋ ಎಂದು ಆಮೇಲೆ ಬಿಡಿಸುವುದೇ ಕಷ್ಟವಾಗುತ್ತಿತ್ತು.

ಅಲ್ಲಿಂದ ಮುಂದೆ ಆರು ತಿಂಗಳು ಪುಸ್ತಕದಲ್ಲಿ ಏನೂ ಬರೆದಿರಲಿಲ್ಲ. 2025ರ ಏಪ್ರಿಲ್ 10ರಂದು ಬ್ಯಾಂಕಿಗೆ 64,800 ಬಂದಾಗ ಗುಮಾಸ್ತ "ಬಡ್ಡಿ ಬಂದದ್ದು 64,800" ಎಂದು ಆದಾಯಕ್ಕೆ ಬರೆದುಬಿಟ್ಟಿದ್ದ. ಈ ಒಂದು ಸಾಲಿನಲ್ಲಿ ಎರಡು ತಪ್ಪುಗಳಿದ್ದವು. ಬರೆದ ವರ್ಷ ತಪ್ಪು, ಬರೆದ ಮೊತ್ತವೂ ತಪ್ಪು.

ಬಡ್ಡಿ ಹುಟ್ಟುವುದು ದಿನ ಕಳೆದಂತೆ

ಮೊದಲು ವರ್ಷದ ಮಾತು. ಬಡ್ಡಿ ಎನ್ನುವುದು ಹಣ ಇನ್ನೊಬ್ಬರ ಕೈಯಲ್ಲಿದ್ದ ದಿನಗಳಿಗೆ ಸಿಗುವ ಬಾಡಿಗೆ. ಅಕ್ಟೋಬರ್‌ನ ಬಡ್ಡಿ ಅಕ್ಟೋಬರ್ ಮುಗಿಯುತ್ತಿದ್ದಂತೆ ಹುಟ್ಟಿತು, ನವೆಂಬರ್‌ನದು ನವೆಂಬರ್ ಮುಗಿಯುತ್ತಿದ್ದಂತೆ. ಮಾರ್ಚ್ 31ರ ಹೊತ್ತಿಗೆ ಆರು ತಿಂಗಳು ತುಂಬಿ, ತಿಂಗಳಿಗೆ 12,000ದಂತೆ 72,000 ರೂಪಾಯಿ ಅವರ ಹಕ್ಕಿನ ಹಣವಾಗಿತ್ತು. ಕೈಗೆ ಬಂದಿರಲಿಲ್ಲ, ಆದರೆ ಗಳಿಸಿ ಆಗಿತ್ತು.

ಚೀಲದ ವ್ಯಾಪಾರದಲ್ಲಿ ಅವರೇ ಇದನ್ನು ದಿನವೂ ಪಾಲಿಸುತ್ತಾರೆ. ಮಾರ್ಚ್‌ನಲ್ಲಿ ಉದ್ರಿ ಮಾರಿದ ಚೀಲದ ಹಣ ಮೇ ತಿಂಗಳಲ್ಲಿ ಬಂದರೂ ಮಾರಾಟ ಮಾರ್ಚ್‌ನದೇ ಎಂದು ಬರೆಯುತ್ತಾರೆ. ಇದಕ್ಕೆ ಮರ್ಕಂಟೈಲ್ ಪದ್ಧತಿ ಎಂದು ಹೆಸರು. ಪುಸ್ತಕ ಈ ಪದ್ಧತಿಯಲ್ಲಿದ್ದರೆ ವ್ಯಾಪಾರದ ಹಣದ ಮೇಲಿನ ಬಡ್ಡಿಯೂ ಅದೇ ದಾರಿಯಲ್ಲಿ ಹೋಗಬೇಕು. ಮಾರ್ಚ್ 31ರ ತಾರೀಖಿಗೆ "ಬರಬೇಕಾದ ಬಡ್ಡಿ" ಎಂಬ ಖಾತೆಗೆ 72,000 ಡೆಬಿಟ್, "ಬಡ್ಡಿ ಆದಾಯ" ಖಾತೆಗೆ 72,000 ಕ್ರೆಡಿಟ್. ಬ್ಯಾಂಕಿನ ಹೆಸರು ಈ ನಮೂದಿನಲ್ಲಿ ಬರುವುದೇ ಇಲ್ಲ.

ಇಲ್ಲಿ ಕೆಲವರು ಬಡ್ಡಿಯನ್ನು ಸಾಲದ ಖಾತೆಗೇ ಸೇರಿಸಿ 12,72,000 ಮಾಡಿಬಿಡುತ್ತಾರೆ. ಮುಂದಿನ ವರ್ಷ ಬಡ್ಡಿ ಹಾಕುವಾಗ ಗುಮಾಸ್ತನ ಕಣ್ಣಿಗೆ 12,72,000 ಬೀಳುತ್ತದೆ, ಅದರ ಮೇಲೆಯೇ ಬಡ್ಡಿ ಬರೆಯುತ್ತಾನೆ. ಕರಾರಿನಲ್ಲಿ ಇಲ್ಲದ ಚಕ್ರಬಡ್ಡಿ ಪುಸ್ತಕದಲ್ಲಿ ಹುಟ್ಟಿಕೊಳ್ಳುತ್ತದೆ. ಗಿರಣಿಯ ಪುಸ್ತಕಕ್ಕೂ ಇವರ ಪುಸ್ತಕಕ್ಕೂ ತಾಳೆ ತಪ್ಪುವುದು ಹೀಗೆ. ಅಸಲು ಒಂದು ಖಾತೆ, ಬರಬೇಕಾದ ಬಡ್ಡಿ ಇನ್ನೊಂದು ಖಾತೆ ಎಂದು ಮೊದಲ ದಿನವೇ ಬೇರೆ ಮಾಡಬೇಕು.

ಮುರಿದದ್ದು ಯಾರ ಹಣ?

ಈಗ ಮೊತ್ತದ ಮಾತು. ಬ್ಯಾಂಕಲ್ಲದ ಒಂದು ಸಂಸ್ಥೆ ಇಲ್ಲಿಯೇ ವಾಸವಿರುವವರಿಗೆ ಬಡ್ಡಿ ಕೊಡುವಾಗ ಅದರಲ್ಲಿ ಶೇಕಡ 10ನ್ನು ಮುರಿದು ಸರ್ಕಾರಕ್ಕೆ ಕಟ್ಟಬೇಕೆಂದು 1961ರ ಆದಾಯ ತೆರಿಗೆ ಕಾಯ್ದೆಯ 194ಎ ಕಲಂ ಹೇಳುತ್ತಿತ್ತು. ಒಂದು ವರ್ಷದ ಬಡ್ಡಿ 5,000 ರೂಪಾಯಿ ದಾಟಿದರೆ ಮುರಿಯಬೇಕಿತ್ತು. 2025ರ ಏಪ್ರಿಲ್ 1ರಿಂದ ಆ ಮಿತಿ 10,000ಕ್ಕೆ ಏರಿತು. ಪಡೆಯುವವರು ಪ್ಯಾನ್ ನಂಬರ್ ಕೊಡದಿದ್ದರೆ ಮುರಿತ ಶೇಕಡ 20. ಬಡ್ಡಿ ಕೊಡುವವರು ಒಬ್ಬಂಟಿ ಮಾಲೀಕರಾಗಿದ್ದು ಹಿಂದಿನ ವರ್ಷದ ವಹಿವಾಟು ಒಂದು ಕೋಟಿ ದಾಟಿರದಿದ್ದರೆ ಈ ಜವಾಬ್ದಾರಿ ಅವರಿಗಿಲ್ಲ. ಈ ಗಿರಣಿ ಪಾಲುದಾರಿಕೆ ಸಂಸ್ಥೆ. ಅದಕ್ಕೆ ವಹಿವಾಟಿನ ಮಿತಿಯ ವಿನಾಯಿತಿ ಇಲ್ಲ.

ಮುರಿಯುವುದು ಯಾವಾಗ ಎನ್ನುವುದನ್ನು ಸರಿಯಾಗಿ ತಿಳಿದಿರಬೇಕು. ಹಣ ಕೊಟ್ಟ ದಿನ ಅಥವಾ ಪುಸ್ತಕದಲ್ಲಿ ಸಾಲ ಕೊಟ್ಟವರ ಹೆಸರಿಗೆ ಬಡ್ಡಿ ಜಮಾ ಬರೆದ ದಿನ, ಈ ಎರಡರಲ್ಲಿ ಯಾವುದು ಮೊದಲೋ ಆ ದಿನ. "ಕೊಡಬೇಕಾದ ಬಡ್ಡಿ" ಎಂದೋ ಬೇರೆ ಯಾವುದೋ ತಾತ್ಕಾಲಿಕ ಖಾತೆಯ ಹೆಸರಿನಲ್ಲೋ ಬರೆದಿಟ್ಟರೂ ಕಾನೂನು ಅದನ್ನು ಜಮಾ ಎಂದೇ ಎಣಿಸುತ್ತದೆ. ಗಿರಣಿಯ ಲೆಕ್ಕಿಗರು 2025ರ ಮಾರ್ಚ್ 31ರಂದು 72,000 ಬಡ್ಡಿಯನ್ನು ಖರ್ಚು ಹಾಕಿದರು, ಅದೇ ದಿನ 7,200 ಮುರಿದರು. ಮಾರ್ಚ್‌ನಲ್ಲಿ ಮುರಿದದ್ದನ್ನು ಏಪ್ರಿಲ್ 30ರೊಳಗೆ ಕಟ್ಟಬೇಕು, ಕಟ್ಟಿದರು. ಮೇ 31ರೊಳಗೆ ತ್ರೈಮಾಸಿಕ ಲೆಕ್ಕ ಸಲ್ಲಿಸಬೇಕು, ಸಲ್ಲಿಸಿದರು. ಅದಾಗಿ ಹದಿನೈದು ದಿನದೊಳಗೆ ಪ್ರಮಾಣಪತ್ರ ಕೊಡಬೇಕು, ಅದನ್ನೂ ಕಳಿಸಿದರು. ಚೀಲದ ವ್ಯಾಪಾರಿ ಸಿಟ್ಟಿನಿಂದ ಹಿಡಿದುಕೊಂಡು ಬಂದದ್ದು ಅದನ್ನೇ.

ಈ 7,200 ಗಿರಣಿಯ ಲಾಭವಲ್ಲ, ವ್ಯಾಪಾರಿಯ ಖರ್ಚೂ ಅಲ್ಲ. ವ್ಯಾಪಾರಿ ಮುಂದೆ ಕಟ್ಟಬೇಕಾದ ತೆರಿಗೆಯಲ್ಲಿ ಒಂದು ಪಾಲು ಅವರ ಪ್ಯಾನ್ ನಂಬರಿನ ಮೇಲೆ ಮೊದಲೇ ಜಮಾ ಆಗಿದೆ. ಹಾಗಾಗಿ ಪುಸ್ತಕದಲ್ಲಿ ಅದಕ್ಕೊಂದು ಮೂರನೆಯ ಖಾತೆ ಬೇಕು, "ಬರಬೇಕಾದ ಟಿಡಿಎಸ್". ಅದು ಆಸ್ತಿಯ ಖಾತೆ. ಮಾರ್ಚ್ 31ರಂದೇ ಇನ್ನೊಂದು ನಮೂದು ಮಾಡಬೇಕು, "ಬರಬೇಕಾದ ಟಿಡಿಎಸ್" 7,200 ಡೆಬಿಟ್, "ಬರಬೇಕಾದ ಬಡ್ಡಿ" 7,200 ಕ್ರೆಡಿಟ್. ಆಗ ಗಿರಣಿಯಿಂದ ಬರಬೇಕಾದ ಬಡ್ಡಿ 64,800ಕ್ಕೆ ಇಳಿಯುತ್ತದೆ. ಏಪ್ರಿಲ್ 10ರಂದು ಬ್ಯಾಂಕಿಗೆ ಅಷ್ಟೇ ಬಂದಾಗ ಆ ಖಾತೆ ಸೊನ್ನೆಯಾಗಿ ಮುಗಿಯುತ್ತದೆ. ಆದಾಯದ ಖಾತೆಯನ್ನು ಮತ್ತೆ ಮುಟ್ಟುವ ಪ್ರಶ್ನೆಯೇ ಇಲ್ಲ.

ಟ್ಯಾಲಿಯಂಥ ತಂತ್ರಾಂಶದಲ್ಲಿ ಬರೆದರೂ ಕೈಬರಹದ ಪುಸ್ತಕದಲ್ಲಿ ಬರೆದರೂ ನಮೂದುಗಳು ಇವೇ:

```
01-10-2024  ಗಿರಣಿಗೆ ಕೊಟ್ಟ ಸಾಲ   ಡೆ  12,00,000
              ಬ್ಯಾಂಕ್              ಕ್ರೆ  12,00,000
31-03-2025  ಬರಬೇಕಾದ ಬಡ್ಡಿ       ಡೆ     72,000
              ಬಡ್ಡಿ ಆದಾಯ          ಕ್ರೆ     72,000
31-03-2025  ಬರಬೇಕಾದ ಟಿಡಿಎಸ್     ಡೆ      7,200
              ಬರಬೇಕಾದ ಬಡ್ಡಿ       ಕ್ರೆ      7,200
10-04-2025  ಬ್ಯಾಂಕ್               ಡೆ     64,800
              ಬರಬೇಕಾದ ಬಡ್ಡಿ       ಕ್ರೆ     64,800
```

64,800 ಎಂದೇ ಬರೆದಿದ್ದರೆ?

"ಬಂದಷ್ಟಕ್ಕ ತೆರಿಗಿ ಕಟ್ಟಿದ್ರ ತಪ್ಪೇನ್ರಿ?" ಎಂದು ಅವರು ಕೇಳಿದರು. ಕಾಗದದ ಮೇಲೆ ಲೆಕ್ಕ ಹಾಕಿ ತೋರಿಸಿದೆ. ಅವರ ಆದಾಯ ಶೇಕಡ 30ರ ಹಂತದಲ್ಲಿತ್ತು. ಮೇಲಿನ ಸೆಸ್ಸನ್ನು ಸದ್ಯಕ್ಕೆ ಬಿಡೋಣ. 72,000ಕ್ಕೆ ತೆರಿಗೆ 21,600. ಅದರಲ್ಲಿ 7,200 ಆಗಲೇ ಸಂದಿದೆ, ಇನ್ನು ಕಟ್ಟಬೇಕಾದದ್ದು 14,400.

ಗುಮಾಸ್ತನ ದಾರಿಯಲ್ಲಿ ಹೋದರೆ ಆದಾಯ 64,800, ಅದಕ್ಕೆ ತೆರಿಗೆ 19,440. ಟಿಡಿಎಸ್ ಪುಸ್ತಕದಲ್ಲಿ ಎಲ್ಲೂ ಇಲ್ಲದ್ದರಿಂದ ಅದನ್ನು ವಜಾ ಕೇಳುವ ನೆನಪೂ ಇರುವುದಿಲ್ಲ. ಪೂರ್ತಿ 19,440 ಕಟ್ಟುತ್ತಾರೆ. ಗಿರಣಿ ಕಟ್ಟಿದ 7,200 ಸೇರಿ ಸರ್ಕಾರಕ್ಕೆ ಹೋದದ್ದು 26,640. ಸರಿಯಾದ ತೆರಿಗೆಗಿಂತ 5,040 ರೂಪಾಯಿ ಹೆಚ್ಚು. ಆದಾಯ ಕಡಿಮೆ ತೋರಿಸಿಯೂ ತೆರಿಗೆ ಹೆಚ್ಚು ಕಟ್ಟಿದಂತಾಯಿತು.

ಆದಾಯ 64,800 ತೋರಿಸಿ 7,200 ವಜಾ ಕೇಳುವವರೂ ಇದ್ದಾರೆ. ಅದೂ ನಿಲ್ಲುವುದಿಲ್ಲ. ಮುರಿದ ತೆರಿಗೆಯೂ ನಿಮ್ಮ ಆದಾಯವೇ ಎಂದು ಕಾನೂನು ಹೇಳುತ್ತದೆ. ಗಿರಣಿ ಸಲ್ಲಿಸಿದ ಲೆಕ್ಕದಿಂದ 72,000 ಎಂಬ ಅಂಕಿ ಇಲಾಖೆಯ ಕೈಯಲ್ಲಿ ಆಗಲೇ ಇದೆ. ನಿಮ್ಮ ರಿಟರ್ನಿನ ಅಂಕಿಗೂ ಅದಕ್ಕೂ ಹೊಂದದಿದ್ದರೆ ಉತ್ತರ ಕೊಡುವ ಹೊಣೆ ನಿಮ್ಮದು.

ಅವರ ಪುಣ್ಯಕ್ಕೆ 2024-25ರ ಲೆಕ್ಕ ಇನ್ನೂ ಮುಗಿದಿರಲಿಲ್ಲ. ಏಪ್ರಿಲ್‌ನ ನಮೂದನ್ನು ತಿದ್ದಿ, ಮಾರ್ಚ್ 31ರ ಎರಡು ನಮೂದುಗಳನ್ನು ಸೇರಿಸಿದೆವು. ಅಷ್ಟರಲ್ಲಿ ಅವರ ಸಿಟ್ಟು ಇಳಿದಿತ್ತು. ಪ್ರಮಾಣಪತ್ರವನ್ನು ಮತ್ತೊಮ್ಮೆ ಕೈಗೆತ್ತಿಕೊಂಡು, ಮಡಿಕೆ ಸರಿಮಾಡಿ, ಪಾಸ್‌ಬುಕ್ಕಿನೊಳಗೆ ಇಟ್ಟುಕೊಂಡರು.

26ಎಎಸ್ ಸಾಲಿನಲ್ಲಿ ನೋಡಬೇಕಾದದ್ದು

ಪ್ರಮಾಣಪತ್ರ ಕೈಗೆ ಬಂದರೆ ಸಾಲದು, ಹಣ ನಿಮ್ಮ ಹೆಸರಿಗೆ ಸೇರಿದೆಯೇ ಎಂದು ನೀವೇ ನೋಡಬೇಕು. ಆದಾಯ ತೆರಿಗೆ ಇಲಾಖೆಯ ಜಾಲತಾಣಕ್ಕೆ ನಿಮ್ಮ ಪ್ಯಾನ್‌ನಿಂದ ಹೋಗಿ `e-File`, ಅದರೊಳಗೆ `Income Tax Returns`, ಅದರೊಳಗೆ `View Form 26AS` ಒತ್ತಿದರೆ ನಿಮ್ಮ ಹೆಸರಿನಲ್ಲಿ ಯಾರ್‍ಯಾರು ಎಷ್ಟು ಮುರಿದಿದ್ದಾರೆ ಎಂಬ ಪಟ್ಟಿ ಬರುತ್ತದೆ. ಆ ಸಂಜೆ ಅವರ ಪಟ್ಟಿಯನ್ನು ತೆರೆದು ನೋಡಿದೆವು. ಗಿರಣಿಯ ಹೆಸರು, ಕಲಂ 194A, ತಾರೀಖು 31-03-2025, ಜಮಾ ಮೊತ್ತ 72,000, ಮುರಿದದ್ದು 7,200, ಕಟ್ಟಿದ್ದು 7,200 ಎಂದು ಒಂದೇ ಸಾಲಿನಲ್ಲಿತ್ತು. ಅದೇ ಸಾಲಿನಲ್ಲಿ ಒಂದು ಇಂಗ್ಲಿಷ್ ಅಕ್ಷರ, `F`. ಸರ್ಕಾರಕ್ಕೆ ಬಂದ ಹಣಕ್ಕೂ ಗಿರಣಿ ಸಲ್ಲಿಸಿದ ಲೆಕ್ಕಕ್ಕೂ ತಾಳೆ ಬಿದ್ದಿದೆ ಎಂದು ಅದರ ಅರ್ಥ. ಅಲ್ಲಿ `U` ಎಂದಿದ್ದರೆ ತಾಳೆ ಬಿದ್ದಿಲ್ಲ. ಹಣ ಕಟ್ಟಿಲ್ಲ ಅಥವಾ ಚಲನ್‌ನ ವಿವರ ತಪ್ಪಾಗಿದೆ.

ಸಾಲೇ ಕಾಣದಿದ್ದರೆ ಮೊದಲು ಅನುಮಾನಿಸಬೇಕಾದದ್ದು ಪ್ಯಾನ್ ನಂಬರನ್ನು. ಒಂದು ಅಕ್ಷರ ತಪ್ಪಿದರೂ ನಿಮ್ಮ ತೆರಿಗೆ ನಿಮ್ಮ ಹೆಸರಿಗೆ ಬರುವುದಿಲ್ಲ. ಗಿರಣಿಯವರು ತಮ್ಮ ಟಿಡಿಎಸ್ ಲೆಕ್ಕವನ್ನು ತಿದ್ದಿ ಮತ್ತೆ ಸಲ್ಲಿಸಿದರೆ ಸರಿಹೋಗುತ್ತದೆ. ಈ ತಿದ್ದುಪಡಿಯನ್ನು ಅವರೇ ಮಾಡಬೇಕು, ನೀವು ಮಾಡಲಾಗದು. ಅದಕ್ಕೇ ಜೂನ್‌ನಲ್ಲೇ ನೋಡಿಕೊಳ್ಳಬೇಕು, ರಿಟರ್ನ್ ಸಲ್ಲಿಸುವ ಕೊನೆಯ ದಿನ ಅಲ್ಲ.

ಮುರಿದುಕೊಂಡು ಸರ್ಕಾರಕ್ಕೆ ಕಟ್ಟದೆ ಇದ್ದರೆ? ಮುರಿದಷ್ಟು ತೆರಿಗೆಯನ್ನು ಮತ್ತೆ ನಿಮ್ಮಿಂದ ವಸೂಲಿ ಮಾಡುವಂತಿಲ್ಲ ಎಂದು 1961ರ ಕಾಯ್ದೆಯ 205ನೇ ಕಲಂ ಹೇಳಿತ್ತು. ಆದರೆ ಮುರಿದದ್ದಕ್ಕೆ ಪುರಾವೆ ನಿಮ್ಮ ಬಳಿ ಇರಬೇಕು. ಕರಾರಿನ ಪ್ರತಿ, ಗಿರಣಿ ಸಹಿ ಮಾಡಿದ ಖಾತೆ ವಿವರ, ಮತ್ತು ಸರಿಯಾಗಿ ಶೇಕಡ 10 ಕಡಿಮೆ ಬಂದದ್ದನ್ನು ತೋರಿಸುವ ಬ್ಯಾಂಕ್ ಹೇಳಿಕೆ, ಈ ಮೂರೂ ಸೇರಿದರೆ ನಿಮ್ಮ ಮಾತಿಗೆ ಬಲ.

ಎರಡು ಪುಸ್ತಕ, ಎರಡು ವರ್ಷ

ಈ ಗಿರಣಿಯ ಲೆಕ್ಕಿಗರು ಮಾರ್ಚ್ 31ಕ್ಕೇ ಬಡ್ಡಿ ಬರೆದರು. ಎಲ್ಲರೂ ಹಾಗೆ ಬರೆಯುವುದಿಲ್ಲ. ಅವರು ಏಪ್ರಿಲ್‌ನಲ್ಲಿ ಹಣ ಕೊಡುವಾಗ ಮಾತ್ರ ಬರೆದಿದ್ದರೆ ಟಿಡಿಎಸ್ 2025-26ರ ಪಟ್ಟಿಗೆ ಹೋಗುತ್ತಿತ್ತು. ನಮ್ಮವರ ಆದಾಯ ಮಾತ್ರ 2024-25ರಲ್ಲೇ ಇರುತ್ತಿತ್ತು. ಆದಾಯ ಯಾವ ವರ್ಷದ್ದೋ ಟಿಡಿಎಸ್ ವಜಾ ಸಿಗಬೇಕಾದದ್ದೂ ಆ ವರ್ಷಕ್ಕೆ. ಆದರೆ ಆ ವರ್ಷದ ಪಟ್ಟಿಯಲ್ಲಿ ಅದು ಕಾಣುವುದೇ ಇಲ್ಲ. ಬಹಳ ಕಾಲ ಇದಕ್ಕೆ ಸರಳ ಪರಿಹಾರ ಇರಲಿಲ್ಲ. 2023ರ ಅಕ್ಟೋಬರ್ 1ರಿಂದ ಫಾರಂ 71 ಎಂಬ ಅರ್ಜಿ ಬಂತು. ತೆರಿಗೆ ಮುರಿದ ಹಣಕಾಸು ವರ್ಷ ಮುಗಿದು ಎರಡು ವರ್ಷದೊಳಗೆ ಅದನ್ನು ಸಲ್ಲಿಸಿ ಹಿಂದಿನ ವರ್ಷಕ್ಕೆ ವಜಾ ಕೇಳುವ ದಾರಿ ಆಯಿತು.

ಇದರ ತಿರುವುಮುರುವೂ ಉಂಟು. ನಗದು ಪದ್ಧತಿಯಲ್ಲಿ ಪುಸ್ತಕ ಇಡುವವರು ಬಡ್ಡಿಯನ್ನು ಬಂದ ವರ್ಷವೇ ತೋರಿಸುತ್ತಾರೆ. ಗಿರಣಿ ಹಿಂದಿನ ವರ್ಷವೇ ಮುರಿದಿದ್ದರೆ ಆ ಟಿಡಿಎಸ್ಸನ್ನು ರಿಟರ್ನಿನ ಟಿಡಿಎಸ್ ಪಟ್ಟಿಯಲ್ಲಿ ಮುಂದಿನ ವರ್ಷಕ್ಕೆ ಒಯ್ಯಬೇಕು. ಇಂಥ ತೊಂದರೆಗಳಿಗಿಂತ ಮಾರ್ಚ್ ಕೊನೆಗೆ ಒಂದು ಫೋನ್ ಮಾಡಿ "ಬಡ್ಡಿ ಈ ತಾರೀಖಿಗೆ ಇಷ್ಟು ಬರೆಯುತ್ತೇನೆ, ನೀವೂ ಅಷ್ಟೇ ಬರೆಯಿರಿ" ಎನ್ನುವುದು ಸುಲಭ.

2026ರ ಏಪ್ರಿಲ್ 1ರಿಂದ 1961ರ ಕಾಯ್ದೆಯ ಜಾಗಕ್ಕೆ 2025ರ ಆದಾಯ ತೆರಿಗೆ ಕಾಯ್ದೆ ಬಂದಿದೆ. 194ಎ ಕಲಂನ ವಿಷಯ ಈಗ 393ನೇ ಕಲಂನೊಳಗೆ ಸೇರಿದೆ. ಹೊಸ ವರ್ಷಗಳ ಕಾಗದಗಳಲ್ಲಿ ಕಲಂ ನಂಬರುಗಳು ಬೇರೆ ಕಂಡರೆ ಗಾಬರಿ ಬೇಡ. ಪುಸ್ತಕದಲ್ಲಿ ಬರೆಯುವ ರೀತಿ ಬದಲಾಗಿಲ್ಲ.

ಬಡ್ಡಿ ನಿಂತಾಗ

2025-26ರಲ್ಲಿ ಗಿರಣಿಗೆ ಕೈ ಬಿಗಿಯಾಯಿತು. ಏಪ್ರಿಲ್‌ನಿಂದ ಸೆಪ್ಟೆಂಬರ್‌ವರೆಗಿನ ಬಡ್ಡಿ ಬಂತು, ಅಕ್ಟೋಬರ್‌ನಿಂದ ಮಾರ್ಚ್‌ವರೆಗಿನದು ಬರಲಿಲ್ಲ. ಆದರೆ ಗಿರಣಿಯವರು ತಮ್ಮ ಪುಸ್ತಕದಲ್ಲಿ ಇಡೀ ವರ್ಷದ 1,44,000 ಬಡ್ಡಿ ಬರೆದು 14,400 ಮುರಿದು ಕಟ್ಟಿದರು. ಹೀಗಾಗಿ ಹಣ ಬಾರದ ಆರು ತಿಂಗಳಿಗೂ ಟಿಡಿಎಸ್ ಮಾತ್ರ ಬಂದಿತ್ತು.

2026ರ ಮಾರ್ಚ್ 31ರಂದು ಅವರ ಪುಸ್ತಕದಲ್ಲಿ ಮೂರು ಖಾತೆಗಳು ಹೀಗಿದ್ದವು. ಗಿರಣಿಗೆ ಕೊಟ್ಟ ಸಾಲ 12,00,000. ಬರಬೇಕಾದ ಬಡ್ಡಿ 64,800. ಆ ವರ್ಷದ ಬರಬೇಕಾದ ಟಿಡಿಎಸ್ 14,400. ಮೊದಲ ಎರಡನ್ನು ಗಿರಣಿಯಿಂದ ಕೇಳಬೇಕು, ಮೂರನೆಯದನ್ನು ಸರ್ಕಾರದಿಂದ. ಮೂರನ್ನೂ ಒಂದೇ ಖಾತೆಯಲ್ಲಿ ಕಲಸಿದ್ದರೆ ಗಿರಣಿಯ ಬಳಿ 14,400 ಹೆಚ್ಚು ಕೇಳಿ ಜಗಳವಾಗುತ್ತಿತ್ತು.

ಬಡ್ಡಿ ಬಾರದಿದ್ದರೂ ಆದಾಯ ಬರೆಯಲೇಬೇಕೇ? ಬರುವ ನಂಬಿಕೆ ಇರುವವರೆಗೆ ಬರೆಯಬೇಕು. ಬಡ್ಡಿ ಹುಟ್ಟುವ ಹೊತ್ತಿಗೇ ವಸೂಲಿಯ ಖಾತ್ರಿ ಇಲ್ಲದಿದ್ದರೆ, ಖಾತ್ರಿಯಾಗುವವರೆಗೆ ಆದಾಯ ಬರೆಯುವುದನ್ನು ಮುಂದೂಡಬೇಕೆಂದು ಲೆಕ್ಕಪತ್ರ ಮಾನದಂಡ 9 ಹೇಳುತ್ತದೆ. ಬರೆದಾದ ಮೇಲೆ ಅನುಮಾನ ಹುಟ್ಟಿದರೆ ಹಳೆಯ ಆದಾಯವನ್ನು ಅಳಿಸದೆ, ಬಾರದಿರಬಹುದಾದ ಮೊತ್ತಕ್ಕೆ ಪ್ರತ್ಯೇಕವಾಗಿ ಏರ್ಪಾಟು ಮಾಡಬೇಕು. ಇಲ್ಲಿ ಗಿರಣಿ ನಡೆಯುತ್ತಿತ್ತು, ಮಾಲೀಕರು ಫೋನ್ ಎತ್ತುತ್ತಿದ್ದರು, ಟಿಡಿಎಸ್ ಕಟ್ಟಿದ್ದರು. ಬಡ್ಡಿ ಕೊಡಬೇಕಿದೆ ಎಂದು ಅವರ ಪುಸ್ತಕವೇ ಹೇಳುತ್ತಿತ್ತು. ಹಾಗಾಗಿ ಪೂರ್ತಿ 1,44,000 ಆದಾಯ ಬರೆದೆವು.

ಆದರೆ ಟಿಡಿಎಸ್ ಬಂದಿದೆ ಎಂದು ಸಾಲವೇ ಭದ್ರ ಎಂದುಕೊಳ್ಳಬಾರದು. ಮರುಪಾವತಿಗೆ ದಿನ ಗೊತ್ತು ಮಾಡದ, ಕೇಳಿದಾಗ ಕೊಡಬೇಕಾದ ಸಾಲಕ್ಕೆ ದಾವೆ ಹೂಡಲು ಕಾಲಮಿತಿ ಸಾಲ ಕೊಟ್ಟ ದಿನದಿಂದ ಮೂರು ವರ್ಷ. ಇವರ ಕರಾರಿನಲ್ಲಿ ದಿನ ಬರೆದಿರಲಿಲ್ಲ. ಆ ಅವಧಿ ಮುಗಿಯುವ ಮುಂಚೆ ಸಾಲಗಾರರು ಬಾಕಿಯನ್ನು ಬರಹದಲ್ಲಿ ಒಪ್ಪಿ ಸಹಿ ಮಾಡಿದರೆ ಆ ದಿನದಿಂದ ಹೊಸ ಮೂರು ವರ್ಷ ಸಿಗುತ್ತದೆ. 26ಎಎಸ್ ಸಾಲನ್ನು ಈ ಸಹಿಗೆ ಬದಲಿ ಎಂದು ನಂಬಿ ಕೂರಬಾರದು.

ಅದಕ್ಕೇ 2026ರ ಏಪ್ರಿಲ್‌ನಲ್ಲಿ ಚೀಲದ ವ್ಯಾಪಾರಿ ತಾವೇ ಗಿರಣಿಗೆ ಹೋದರು. ಕೈಯಲ್ಲಿದ್ದದ್ದು ಒಂದು ಹಾಳೆ. ಅದರಲ್ಲಿ ಅಸಲು 12,00,000, ವರ್ಷದ ಬಡ್ಡಿ 1,44,000, ಮುರಿದ ತೆರಿಗೆ 14,400, ಕೊಟ್ಟ ಬಡ್ಡಿ 64,800, ಇನ್ನು ಕೊಡಬೇಕಾದ ಬಡ್ಡಿ 64,800 ಎಂದು ಐದು ಸಾಲು. ಗಿರಣಿಯ ಪಾಲುದಾರರು ತಮ್ಮ ಖಾತೆಯ ಜೊತೆ ತಾಳೆ ನೋಡಿ, ಸಹಿ ಹಾಕಿ, ಮೊಹರು ಒತ್ತಿಕೊಟ್ಟರು.

ಆ ಹಾಳೆಯನ್ನು ನನಗೆ ತೋರಿಸುವಾಗ ಅವರು ಮುರಿದ ತೆರಿಗೆಯ ಸಾಲಿನ ಮೇಲೆ ಬೆರಳಿಟ್ಟು, "ಇದು ಅವರ ಕಡೆ ಕೇಳೂದಲ್ರಿ, ನಂದಾ ತೆರಿಗಿ" ಅಂದರು.